ತಾಯಿ ಹೇಳಿದ ಮಾವ, ಕಾಗದದ ಚಿಕ್ಕಪ್ಪ

ಮಕ್ಕಳ ರಕ್ಷಣಾ ಕಚೇರಿಯಲ್ಲಿ ದುಭಾಷಿಯವರಿಗೆ 'ಎರಡು ನಾಲಿಗೆ' ಎಂಬ ಅಡ್ಡಹೆಸರು. ಅರಬ್ಬಿ ಒಂದು, ಫಾರ್ಸಿ ಇನ್ನೊಂದು. ಆಡಿದ ಮಾತಿಗೆ ಎಂದೂ ತಪ್ಪದ ಮನುಷ್ಯನಿಗೆ ಇಂಥ ಹೆಸರಿಟ್ಟವರ ತಲೆಗೆ ಏನು ಹೇಳೋಣ! ಹದಿನೇಳು ವರ್ಷ ಬಂದರಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದಾಗ ಹಮಾಲರಿಂದ ಅರಬ್ಬಿ, ಜೊತೆಯಲ್ಲಿ ಕೋಣೆ ಹಂಚಿಕೊಂಡವನಿಂದ ಫಾರ್ಸಿ ಕಲಿತವರು ಅವರು. ಓದುಬರಹವನ್ನು ಆಮೇಲೆ ಸ್ವಂತ ಹಟದಿಂದ ಕಲಿತರು.

ನೆಂಟರ ಸುದ್ದಿ ಬಂತೆಂದರೆ ಅವರು ಪೆನ್ನು ಕೆಳಗಿಡುತ್ತಿದ್ದರು. "ಅಪ್ಪನ ಕಡೆಯವರೋ, ಅಮ್ಮನ ಕಡೆಯವರೋ?" ಎಂದು ಕೇಳದೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಅರಬ್ಬೀಲಿ ಅಪ್ಪನ ಅಣ್ಣತಮ್ಮಂದಿರು ಅಮ್, ಅಮ್ಮನ ಅಣ್ಣತಮ್ಮಂದಿರು ಖಾಲ್. ಫಾರ್ಸೀಲಿ ಅಮೂ, ದಾಯಿ. ನಮ್ಮಲ್ಲಿ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ ಇಲ್ವಾ, ಹಾಗೇ" ಎಂದು ಪಕ್ಕದ ಮೇಜಿನ ಗುಮಾಸ್ತೆಗೆ ಹೇಳಿಕೊಡುತ್ತಿದ್ದರು. "ಆದ್ರೆ ಅಮ್ ಅಂದ್ರೆ ದೊಡ್ಡಪ್ಪನೋ ಚಿಕ್ಕಪ್ಪನೋ ಅಂತ ಆ ಮಾತು ಹೇಳಲ್ಲ, ನಾವೇ ಕೇಳ್ಕೋಬೇಕು. ಬೀದೀಲಿ ಕಂಡ ವಯಸ್ಸಾದವರನ್ನೂ ಅಮ್ ಅಂತ ಕರೀತಾರೆ, ಅದನ್ನೂ ನೋಡ್ಕೋಬೇಕು."

"ಸಾರ್, ನಿಮ್ಮ ಪಾಠ ಕೇಳ್ತಾ ಕೂತ್ರೆ ನನ್ನ ನೆಂಟರೇ ನಂಗೆ ಮರ್ತು ಹೋಗ್ತಾರೆ" ಎಂದು ಅವಳು ನಗುತ್ತಿದ್ದಳು.

ತೊಂದರೆ ಇದ್ದದ್ದು ಇಂಗ್ಲಿಷಿನಲ್ಲಿ. ಕಡತ ಇಂಗ್ಲಿಷಿನಲ್ಲೇ ಇರಬೇಕು. ದುಭಾಷಿಯವರು 'ತಾಯಿಯ ಸಹೋದರ' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಅಂಕಲ್' ಎಂದು ತಿದ್ದುತ್ತಿದ್ದರು. "ಒಂದು ಪದದಲ್ಲಿ ಮುಗಿಯೋದಕ್ಕೆ ಎರಡು ಯಾಕ್ರೀ?" ಎನ್ನುವುದು ಅವರ ಮಾತು. ದುಭಾಷಿಯವರು ವರ್ಷಗಟ್ಟಲೆ ವಾದಿಸಿದರು. ಕೊನೆಗೆ ಸಾಕಾಗಿ, ತಾವೇ ಅಂಕಲ್ ಎಂದು ಬರೆಯತೊಡಗಿದರು. ದೇವರಾಣೆ, ಅಲ್ಲಿಯೇ ಅವರು ಕೆಟ್ಟರು.

ಆಸ್ಪತ್ರೆಯಲ್ಲಿ ತೀರಿಕೊಂಡ ಹೆಂಗಸೊಬ್ಬಳ ಅರಬ್ಬಿ ಪತ್ರ ಅವರ ಮೇಜಿಗೆ ಬಂತು. ಗಡಿ ದಾಟಿ ಬಂದವಳು, ಗಂಡ ಮೊದಲೇ ಸತ್ತಿದ್ದ. ಮೂರು ವರ್ಷದ ಮಗಳು ಕಚೇರಿಯ ವಸತಿಗೃಹದಲ್ಲಿದ್ದಳು, ಇನ್ನೂ ತೊದಲು ಮಾತು. ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ಮಗಳನ್ನು ಅವಳ ಖಾಲ್ ಕೈಗೆ ಕೊಡಿ, ಬೇರೆ ಯಾರಿಗೂ ಕೊಡಬೇಡಿ. ಹೆಸರು ಬರೆಯುವಷ್ಟು ಉಸಿರು ಅವಳಿಗೆ ಉಳಿದಿರಲಿಲ್ಲವೇನೋ. ದುಭಾಷಿಯವರು ಖಾಲ್ ಇದ್ದಲ್ಲಿ ಅಂಕಲ್ ಎಂದು ಬರೆದು ಸಹಿ ಹಾಕಿದರು.

ನ್ಯಾಯಾಧೀಶರಿಗೆ ಕನ್ನಡ ಪ್ರತಿ ಬೇಕಿತ್ತು. ಗುಮಾಸ್ತೆ ಮೂಲ ಪತ್ರ ನೋಡಲಿಲ್ಲ, ನೋಡಿದ್ದರೂ ಓದಲು ಬರುತ್ತಿರಲಿಲ್ಲ. ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡು ಅಂಕಲ್ ಇದ್ದಲ್ಲಿ 'ಚಿಕ್ಕಪ್ಪ' ಎಂದು ಟೈಪು ಮಾಡಿದಳು. ಮುಂದಿನ ವಾರವೇ ಮಗುವಿನ ತಂದೆಯ ತಮ್ಮ ಬಂದ. ಇಂಗ್ಲಿಷ್ ಬಲ್ಲವನಾದ್ದರಿಂದ ದುಭಾಷಿಯವರನ್ನು ಯಾರೂ ಕರೆಯಲಿಲ್ಲ. ಮನೆತನದ ಹೆಸರು ಒಂದೇ, ಕಾಗದಪತ್ರ ಒಪ್ಪವಾಗಿತ್ತು, ತಾಯಿಯ ಕೊನೆಯ ಮಾತಿನಲ್ಲೂ ಚಿಕ್ಕಪ್ಪನೇ ಇದ್ದ. ಮಗುವನ್ನು ಒಪ್ಪಿಸಿದರು.

ಒಂಬತ್ತನೆಯ ದಿನ ಇನ್ನೊಬ್ಬ ಬಂದ. ದೂಳು ಮೆತ್ತಿದ ಬೂಟು, ಕೈಯಲ್ಲಿ ಹೊಸ ಪುಟ್ಟ ಚಪ್ಪಲಿ ಜೊತೆ. "ನಾನು ಸತ್ತವಳ ಅಣ್ಣ" ಎಂದು ಅರಬ್ಬಿಯಲ್ಲಿ ಹೇಳಿದ. ದುಭಾಷಿಯವರು ತಟ್ಟನೆ ಎದ್ದರು. ಕಡತ ತೆಗೆಸಿದರು. ಕನ್ನಡ ಪ್ರತಿಯನ್ನು ಅವರು ನೋಡಿದ್ದು ಅದೇ ಮೊದಲು.

"ಇದ್ಯಾರಮ್ಮ ಚಿಕ್ಕಪ್ಪ ಅಂತ ಬರ್ದದ್ದು?"

"ಅಂಕಲ್ ಅಂತ ಇತ್ತಲ್ಲ ಸಾರ್, ನಿಮ್ಮದೇ ಸಹಿ" ಎಂದಳು ಗುಮಾಸ್ತೆ.

ಬಂದವನು ತನ್ನಷ್ಟಕ್ಕೆ ಹೇಳುತ್ತಲೇ ಇದ್ದ. ತಂಗಿಯ ಗಂಡನ ತಮ್ಮನ ಕಣ್ಣು ಅಣ್ಣನ ಜಮೀನಿನ ಮೇಲಿತ್ತು, ಆ ಜಮೀನಿಗೆ ಉಳಿದ ವಾರಸು ಈ ಮಗು ಒಂದೇ, ಅವನಿಗೆ ಹೆದರಿಯೇ ತಂಗಿ ರಾತ್ರೋರಾತ್ರಿ ಗಡಿ ದಾಟಿದ್ದು. "ಮಗು ಎಲ್ಲಿ? ನಾನು ಬರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ."

ದುಭಾಷಿಯವರು ಒಳಗೆ ಓಡಿದರು. ಚಿಕ್ಕಪ್ಪ ಕೊಟ್ಟಿದ್ದ ವಿಳಾಸದ ಮನೆಗೆ ಮೇಲಧಿಕಾರಿ ಫೋನು ಮಾಡಿಸಿದರು. ಅಂಥವರು ಅಲ್ಲಿ ಯಾವತ್ತೂ ಇರಲಿಲ್ಲವಂತೆ. ಮೇಲಧಿಕಾರಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಪೊಲೀಸರಿಗೆ ತಿಳಿಸ್ತೀನಿ. ಸದ್ಯಕ್ಕೆ ಗಾಬರಿ ಮಾಡ್ಬೇಡಿ. ಮಗು ಅಂಕಲ್ ಹತ್ರ ಇದೆ ಅಂತಷ್ಟೇ ಹೇಳಿ."

ದುಭಾಷಿಯವರು ಹೊರಗೆ ಬಂದು ಅವನ ಎದುರು ಕೂತರು. ಇಂಗ್ಲಿಷಿನ ಆ ಒಂದು ಪದದ ಮರೆಯಲ್ಲಿ ಇಷ್ಟು ದಿನ ಎಲ್ಲರೂ ನೆಮ್ಮದಿಯಾಗಿದ್ದರು. ಅರಬ್ಬಿಯಲ್ಲಿ ಅಂಥ ಮರೆ ಇಲ್ಲ. ಖಾಲ್ ಎನ್ನಬೇಕು, ಇಲ್ಲವೇ ಅಮ್ ಎನ್ನಬೇಕು. ಖಾಲ್ ಕಣ್ಣೆದುರೇ ಕೂತಿದ್ದ.

"ಅವಳ ಅಮ್ ಹತ್ತಿರ ಇದ್ದಾಳೆ" ಎಂದರು. "ತಪ್ಪು ನನ್ನದು."

ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಎರಡನೆಯ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. ಚಪ್ಪಲಿಗಳನ್ನು ಮೇಜಿನ ಮೇಲಿಟ್ಟು, ಬಂದ ದಾರಿಯಲ್ಲೇ ಓಡತೊಡಗಿದ.