ಡಿಯರ್ ಆದಮೇಲೆ ಯಾರ ಹೆಸರು

ಗುರುಶಾಂತ, ಕೋಠಿ ಪೇಟೆಯಲ್ಲಿದ್ದ ನಮ್ಮ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಯಾದಗಿರಿ ಕಡೆಯವನು. ಹೈಟೆಕ್ ಸಿಟಿ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ ಅಲ್ಲಿನ ಕಂಪನಿಯೊಂದರಲ್ಲಿ ಇಂಗ್ಲೆಂಡಿನ ಒಂದು ಮಾಸಪತ್ರಿಕೆಯ ಚಂದಾದಾರರಿಗೆ ಇಮೇಲ್ ಬರೆಯುವ ಕೆಲಸ ಸಿಕ್ಕಿತ್ತು. ಇನ್ನೂ ಖಾಯಂ ಆಗಿರಲಿಲ್ಲ.

"ಗಿರಾಕಿ ಜೋಡಿ ದೋಸ್ತಿ ಬೆಳಸ್ಬೇಕ್ರಿ ಸಾವಕಾರ್ರ" ಎಂದು ನನಗೇ ವ್ಯಾಪಾರ ಕಲಿಸುತ್ತಿದ್ದ. ಅವನ ಇಮೇಲುಗಳೆಲ್ಲ 'ಹಾಯ್ ಡ್ಯೂಡ್' ಎಂದು ಶುರುವಾಗಿ 'ಚಿಯರ್ಸ್' ಎಂದು ಮುಗಿಯುತ್ತಿದ್ದವು. ನಾನೂ ಬಹಳ ಗಿರಾಕಿಗಳನ್ನು ಕಂಡವನು. ಅವರ ಹೆಗಲ ಮೇಲೆ ಸೀರೆ ಹಾಕಿದ್ದೇನೆ, ಕೈ ಹಾಕಿಲ್ಲ.

ಒಮ್ಮೆ ಪೀಟರ್ ಎಲಿಸ್ ಎಂಬವರ ವಿಳಾಸದಿಂದ ಪತ್ರಿಕೆ ನಿಲ್ಲಿಸಿ ಎಂದು ಇಮೇಲ್ ಬಂತು. ಇವನು ಮೊದಲ ಸಾಲಷ್ಟೇ ಓದಿ, 'ಹಾಯ್ ಡ್ಯೂಡ್ ಪೀಟರ್, ಇಷ್ಟು ಬೇಗ ಹೊರಟೆಯಾ? ಮತ್ತೆ ಸಿಗೋಣ, ಚಿಯರ್ಸ್' ಎಂದು ಕಳಿಸಿಬಿಟ್ಟ.

ಉತ್ತರ ಬಂತು: 'ಪೀಟರ್ ತೀರಿಕೊಂಡರು. ಅದನ್ನೇ ಬರೆದಿದ್ದೆ. ಅವರನ್ನು ಯಾರೂ ಡ್ಯೂಡ್ ಎನ್ನುತ್ತಿರಲಿಲ್ಲ. ಮಿಸೆಸ್ ಮಾರ್ಗರೆಟ್ ಎಲಿಸ್.'

ಆಫೀಸಿನಲ್ಲಿ ಅವನ ಮೇಲಧಿಕಾರಿ ಬೀದರಿನ ಶಾಮಲಾ. "ಈಗ ನೆಟ್ಟಗ ಬರಿ. ಆಕಿ ಇನ್ನೊಂದು ತಕರಾರು ಕಳಸಿದ್ರ ನಿನ್ನ ಕೆಲಸ ಹೋತು ತಿಳಕೋ" ಎಂದಳಂತೆ.

ಹುಡುಗ ಊಟ ಬಿಟ್ಟು ಕೂತ. ಬಸ್ಸಿನಲ್ಲಿ ಯಾರೋ ಯಾರಿಗೋ ಹಾಯ್ ಅಂದರೂ ಬೆಚ್ಚುತ್ತಿದ್ದ. "ಹೊಂಟೆಯಾ ಅಂತ ಕೇಳೀನ್ರಿ, ಅವ ಹೊಂಟಿದ್ದ ಖರೇನ" ಎನ್ನುತ್ತಿದ್ದ. ಅವನ ಧ್ವನಿ ಕೇಳಿ ನನಗೂ ಹಿತವೆನಿಸಲಿಲ್ಲ.

ನನ್ನ ಹೆಂಡತಿ ಗಂಗಾಬಾಯಿ ರೊಟ್ಟಿ ಹಿಡಿದು ಮೇಲೆ ಹೋದಳು. "ಸಾವಾದ ಮನಿಗೆ ಹೋದಾಗ 'ಬರ್ತೀನ್ರಿ' ಅಂತ ಎದ್ದು ಬರ್ತೀಯೇನೋ?"

"ಇಲ್ರೀ ಅವ್ವಾರ. ಸುಮ್ನ ಎದ್ದು ಬರ್ತೀವಿ."

"ಮತ್ತ ಅದನ್ನ ಮಾಡು."

"ಇಮೇಲ್‌ನಾಗ ಸುಮ್ನ ಏಳಾಕ ಬರಂಗಿಲ್ರೀ. ಕಡೀಕ ಏನರ ಬರೀಬೇಕು."

ಮರುದಿನ ಶಾಮಲಾಳ ಪಕ್ಕ ಕೂತು ಬರೆದ. ತೆರೆಯ ಮೇಲೆ 'ಡಿಯರ್' ಮುಂದೆ ಯಂತ್ರ ತಾನೇ ಪೀಟರ್ ಎಂದು ತುಂಬಿತು. ಚಂದಾ ಖಾತೆ ಅವರದ್ದಲ್ಲವೇ. ಅಳಿಸಿ 'ಡಿಯರ್ ಮಿಸೆಸ್ ಎಲಿಸ್' ಎಂದು ಹೊಡೆದ. ಮೊದಲು ಸಂತಾಪ, ಆಮೇಲೆ ಕ್ಷಮೆ, ಕೊನೆಗೆ ಪತ್ರಿಕೆ ನಿಲ್ಲಿಸಿದ ಸುದ್ದಿ. 'ನಿಮ್ಮ ಉತ್ತರಕ್ಕಾಗಿ ಎದುರುನೋಡುತ್ತೇವೆ' ಎಂಬ ಸಿದ್ಧ ಸಾಲನ್ನು ತಾನೇ ತೆಗೆದ. "ಹೆಸರು ಹಿಡಿದು ಶುರು ಮಾಡೀಯಂದ್ರ 'ಯುವರ್ಸ್ ಸಿನ್ಸಿಯರ್ಲಿ' ಹಾಕು. 'ಫೇತ್‌ಫುಲಿ' ಹೆಸರು ಗೊತ್ತಿಲ್ಲದ 'ಡಿಯರ್ ಸರ್'ಗೆ" ಎಂದಳು ಶಾಮಲಾ. ಗುರುಶಾಂತ ಅದನ್ನೇ ಹಾಕಿ, ಕೆಳಗೆ ತನ್ನ ಪೂರ್ತಿ ಹೆಸರು ಬರೆದ.

ತಕರಾರು ಬರಲಿಲ್ಲ. ಕೆಲಸ ಉಳಿಯಿತು, ಖಾಯಮೂ ಆಯಿತು.

ಆದರೆ ಆ ಖಾತೆ ಮುಚ್ಚಿದ ದಿನ ಪೀಟರ್ ಅವರ ಹೆಸರು ಅಳಿಸಿಹೋಗಿ, ತೆರೆಯ ಮೇಲೆ 'ಡಿಯರ್', ಖಾಲಿ ಜಾಗ, ಆಮೇಲೆ ಒಂದು ಅಲ್ಪವಿರಾಮ ಮಾತ್ರ ಉಳಿದಿತ್ತಂತೆ. "ಯಾರೋ ಕುಂತಂಗಿತ್ರೀ ಅಲ್ಲಿ" ಎಂದ. ಈಗಲೂ ಉತ್ತರ ಶುರು ಮಾಡುವ ಮುನ್ನ ಅವನು ಬಂದ ಇಮೇಲನ್ನು ಪೂರ್ತಿ ಓದುತ್ತಾನೆ, ಎದುರಿನವರು ಇದ್ದಾರೋ ಇಲ್ಲವೋ ಎಂದು.