ಕಾರ್ಡಿನ ಕೆಲಸ ಕೇಳಿದ ಡೋರೀನ್

ನಮ್ಮ ಪಿಯಾನೋ ಶ್ರುತಿಗಾರರ ಸಂಘದ ಡುಲೂತ್ ಶಾಖೆಯಲ್ಲಿ ಕೆಲಸ ಮಾಡುತ್ತೇನೆ ಎಂದು ತಾನಾಗಿ ಕೈಯೆತ್ತುವವರು ಹುಡುಕಿದರೂ ಸಿಗುವುದಿಲ್ಲ. ಅಧ್ಯಕ್ಷಗಿರಿಗೆ ಒಬ್ಬರನ್ನು ಒಪ್ಪಿಸಬೇಕಾದರೆ ಬಾಗಿಲು ಹಾಕಿಕೊಂಡೇ ಕೂರಬೇಕು, ಇಲ್ಲದಿದ್ದರೆ ಕಾಫಿ ನೆಪ ಹೇಳಿ ಜಾರಿಕೊಳ್ಳುತ್ತಾರೆ. ಅಂಥದ್ದರಲ್ಲಿ ನವೆಂಬರ್ ತಿಂಗಳ ಶನಿವಾರದ ಸಭೆಗೆ ಬಂದ ಹೊಸ ಸದಸ್ಯೆಯೊಬ್ಬಳು, ಬಂದ ಮೊದಲ ದಿನವೇ, ನನ್ನ ಕೆಲಸವನ್ನು ತನಗೆ ಕೊಡಿ ಎಂದು ಕೇಳಿದಳು.

ನನ್ನ ಹೆಸರು ಲೋವೆಲ್. ಹತ್ತೊಂಬತ್ತು ವರ್ಷದಿಂದ ನಮ್ಮ ಶಾಖೆಯ ಕಾರ್ಡುಗಳನ್ನು ಕಳಿಸುತ್ತಿದ್ದವನು ನಾನು. ಸದಸ್ಯರ ಮನೆಯಲ್ಲಿ ಕಾಯಿಲೆ, ಆಪರೇಷನ್, ಸಾವು ಏನೇ ಆಗಲಿ, ನಾನೊಂದು ಕಾರ್ಡು ತಂದು ಸಭೆಯಲ್ಲಿ ಕೈಯಿಂದ ಕೈಗೆ ಸಾಗಿಸುತ್ತೇನೆ. ಎಲ್ಲರೂ ಸಹಿ ಹಾಕುತ್ತಾರೆ, ನಾನು ಅಂಚೆಗೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಯಾರಿಗೆ ಏನಾಗಿದೆ ಎಂದು ನಮ್ಮವರಿಗೆ ತಿಳಿಯುವುದೇ ಆ ಕಾರ್ಡು ಕೈಗೆ ಬಂದಾಗ. ಊರೂರು ಅಲೆಯುವ ಒಂಟಿ ಕಸುಬು ನಮ್ಮದು, ಇನ್ನು ಹೇಗೆ ತಿಳಿಯಬೇಕು?

ಚರ್ಚಿನ ನೆಲಮಾಳಿಗೆಯಲ್ಲಿ ಹನ್ನೊಂದು ಜನ ಸೇರಿದ್ದೆವು. ಹೊಸಬರು ಎದ್ದು ನಿಂತು ಮೂರು ನಿಮಿಷ ತಮ್ಮ ಬಗ್ಗೆ ಹೇಳಿ, ಕೊನೆಗೆ ಶಾಖೆಗಾಗಿ ಏನು ಮಾಡಬಲ್ಲೆ ಎಂದು ಹೇಳುವುದು ನಮ್ಮ ರೂಢಿ. ಸಾಮಾನ್ಯವಾಗಿ ಎಲ್ಲರೂ ‘ನೋಡೋಣ, ಬಿಡುವಾದಾಗ’ ಎಂದು ಕೂತುಬಿಡುತ್ತಾರೆ. ಇವಳು ಒಂದು ಚೀಟಿ ಬರೆದುಕೊಂಡೇ ಬಂದಿದ್ದಳು. ಐವತ್ತರ ಮೇಲಿನ ವಯಸ್ಸು, ದಪ್ಪ ಬೆರಳು, ಅಂಗಡಿಯಿಂದ ಆಗ ತಾನೇ ತಂದಂತಿದ್ದ ಹೊಸ ಅಂಗಿ.

ಡೋರೀನ್ ಸ್ಯಾಟರ್ಲಿ, ಕ್ಲೋಕೆ ಊರು, ಎಂದು ಶುರು ಮಾಡಿದಳು. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದಳಂತೆ. ದಿನಕ್ಕೆ ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಬೇಯಿಸಿ ಕನಸಿನಲ್ಲೂ ಸಿಪ್ಪೆ ಸುಲಿಯುತ್ತಿದ್ದಳಂತೆ. ನಾವೆಲ್ಲ ನಕ್ಕೆವು. ಶನಿವಾರ ಭಾನುವಾರ ಅಪ್ಪನ ಜೊತೆ ಪಿಯಾನೋ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪನಿಗೆ ಕಡೆಯ ನಾಲ್ಕು ವರ್ಷ ಮೇಲಿನ ಸ್ವರಗಳು ಕೇಳಿಸುತ್ತಿರಲಿಲ್ಲ. ಇವಳು ಪಿಯಾನೋದ ಮನೆಗಳನ್ನು ಒಂದೊಂದಾಗಿ ಒತ್ತಿ ಸ್ವರ ಕೇಳಿ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು’ ಎನ್ನುವುದು, ಅವರು ತಂತಿ ಬಿಗಿಯುವ ಕೀಲಿ ತಿರುಗಿಸುವುದು. ಹೀಗೆ ಕಿವಿ ಇವಳದು, ಕೈ ಅವರದು. ಈಗ ಎರಡೂ ತನ್ನವೇ ಆಗಿವೆ, ಅರ್ಹತಾ ಪರೀಕ್ಷೆ ಮಾತ್ರ ಇನ್ನೂ ಬಾಕಿ ಎಂದಳು. ಆಮೇಲೆ ಅಪ್ಪನ ಹೆಸರು ಹೇಳಿದಳು. ಆರ್ವಿಡ್ ಟೈಗೆನ್.

ನಾನು ಕಾರ್ಡಿನ ಪುಸ್ತಕವನ್ನು ಮೇಜಿನಿಂದ ತೊಡೆಯ ಮೇಲೆ ಎಳೆದುಕೊಂಡೆ.

ಹಿಂದಿನ ಸಾಲಿನಲ್ಲಿದ್ದ ಮುದುಕ ಎಲ್ಮರ್‌ನ ಮುಖ ಅರಳಿತು. ಅವನೂ ಆರ್ವಿಡ್ಡೂ ಜೊತೆಯಾಗಿ ಕಸುಬು ಕಲಿತವರು.

“ಆರ್ವಿಡ್ ಮಗಳಾ ನೀನು! ಹೇಗಿದಾನಮ್ಮ ಆ ಮೊಂಡ? ಎರಡು ವರ್ಷ ಆಯ್ತು ಮುಖಾನೇ ತೋರ್ಸಿಲ್ಲ.”

ಅವಳು ಚೀಟಿ ಮಡಚಿದಳು. “ಅಪ್ಪ ಮಾರ್ಚ್‌ನಲ್ಲೇ ಹೋದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಯಾರಿಗೂ ಗೊತ್ತಿರಲಿಲ್ಲ. ಎಲ್ಮರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಕಾರ್ಡು ಬಂದಿಲ್ಲವೆಂದರೆ ಎಲ್ಲರೂ ಕ್ಷೇಮ ಎಂದು ಹತ್ತೊಂಬತ್ತು ವರ್ಷ ನನ್ನನ್ನು ನಂಬಿದ್ದ ಜನ ಅವರು.

ನನಗೆ ಗೊತ್ತಿತ್ತು. ಪತ್ರಿಕೆಯಲ್ಲಿ ಸಾವಿನ ಸುದ್ದಿ ಓದಿದ್ದೆ, ಕಾರ್ಡನ್ನೂ ಹೊರಗೆ ತೆಗೆದಿದ್ದೆ. ಸದಸ್ಯರ ಪಟ್ಟಿ ನೋಡಿದರೆ ಆರ್ವಿಡ್ ಹೆಸರಿರಲಿಲ್ಲ. ಆ ಚಳಿಗಾಲದಲ್ಲಿ ಅವನು ಸದಸ್ಯತ್ವ ಮುಂದುವರಿಸಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವರಿಗೆ ಕಾರ್ಡಿಲ್ಲ ಎಂದು ವಾಪಸ್ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ನಮ್ಮ ಜೊತೆ ಕೂತವನು. ಅವನು ಯಾಕೆ ಬಿಟ್ಟ ಎನ್ನುವುದೂ ನನಗೆ ಗೊತ್ತಿತ್ತು, ಸುಳ್ಳೇಕೆ ಹೇಳಲಿ? ಇದೇ ಕೋಣೆಯಲ್ಲಿ ಅವನು ಎಲ್ಲರೆದುರು ಪಿಯಾನೋ ಶ್ರುತಿ ಮಾಡಿ ತೋರಿಸುವಾಗ ಮೇಲಿನ ಸ್ವರಗಳು ವಿಪರೀತ ಏರಿ ಹಳಿ ತಪ್ಪಿದ್ದವು. ನಾಯಿಗಳ ಕಿವಿಗೆ ಶ್ರುತಿ ಮಾಡ್ತಿದ್ದೀಯೇನೋ ಎಂದು ನಾನು ಹಾಸ್ಯ ಮಾಡಿದ್ದೆ. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಆಮೇಲೆ ಅವನು ಬರಲಿಲ್ಲ.

ಡೋರೀನ್ ಇನ್ನೂ ನಿಂತೇ ಇದ್ದಳು. ಶಾಖೆಗಾಗಿ ಏನು ಮಾಡುತ್ತೀರಿ ಎಂದು ನಮ್ಮ ಅಧ್ಯಕ್ಷೆ ಬ್ರಿಟಾ ಮೆಲ್ಲಗೆ ಕೇಳಿದಳು.

“ಕಾರ್ಡಿನ ಕೆಲಸ ಕೊಡಿ. ಬೇರೇದು ಬೇಡ.”

ನಾನು ಬಾಯಿ ಹಾಕಿದೆ. ಹೊಸಬರು ಒಂದು ವರ್ಷ ಎಲ್ಲರ ಮುಖ ಪರಿಚಯ ಮಾಡಿಕೊಂಡರೆ ಒಳ್ಳೆಯದಲ್ಲವೇ, ನೋಂದಣಿ ಮೇಜಿಗೆ ಜನ ಬೇಕಲ್ಲ ಎಂದೆಲ್ಲ ತಡವರಿಸಿದೆ. ನನ್ನ ಹೆದರಿಕೆ ಕೆಲಸ ಕೈತಪ್ಪುತ್ತದೆ ಎಂದಲ್ಲ. ಕೆಲಸ ಕೊಟ್ಟರೆ ಪುಸ್ತಕವನ್ನೂ ಕೊಡಬೇಕು. ಆ ಪುಸ್ತಕದಲ್ಲಿ ಮಾರ್ಚ್ ತಿಂಗಳ ಹಾಳೆಯಲ್ಲಿ ನನ್ನ ಕೈಬರಹದಲ್ಲೇ ಒಂದು ಸಾಲಿದೆ.

ಬ್ರಿಟಾ ಒಪ್ಪಲಿಲ್ಲ. ಹುದ್ದೆಗೆ ನೇಮಿಸುವುದು ಅಧ್ಯಕ್ಷರ ಅಧಿಕಾರ, ಕೇಳಿದವರಿಗೆ ಬೇಡ ಎನ್ನುವಷ್ಟು ಶ್ರೀಮಂತರಲ್ಲ ನಾವು ಎಂದಳು. ಇವತ್ತಿನಿಂದಲೇ ಡೋರೀನ್‌ಗೆ ಎಂದು ಬರೆಸಿದಳು. ಚಪ್ಪಾಳೆ ತಟ್ಟಿದರು. ಎಲ್ಮರ್ ಮಾತ್ರ ತಟ್ಟಲಿಲ್ಲ, ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

ಕಾಫಿಯ ಬಿಡುವಿನಲ್ಲಿ ಪುಸ್ತಕ ಒಪ್ಪಿಸಿದೆ. ಹಾಳೆ ಹರಿದುಬಿಡೋಣ ಎಂದು ಕೈ ಹೋಗಿತ್ತು, ನಾಚಿಕೆಯಾಯಿತು, ಬಿಟ್ಟೆ. ಅವಳು ಅಲ್ಲೇ ಕೂತು ಹಾಳೆ ತಿರುಗಿಸಿದಳು. ಮಾರ್ಚ್ ಬಂತು. ‘ಆರ್ವಿಡ್ ಟೈಗೆನ್, ನಿಧನ. ಸದಸ್ಯರಲ್ಲ. ಕಳಿಸಿಲ್ಲ.’ ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದಳು.

ಇದು ಸಂಘದ ನಿಯಮವಾ ಎಂದು ಕೇಳಿದಳು. ಅಲ್ಲ ಎಂದೆ. ನಿಯಮಾವಳಿಯಲ್ಲಿ ಅಂಥದ್ದೇನೂ ಇಲ್ಲ, ನಾನೇ ಮಾಡಿಕೊಂಡ ಪದ್ಧತಿ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಅವಳ ಬೆರಳು ನೋಡುತ್ತ ಸುಳ್ಳು ನಾಲಿಗೆಗೆ ಬರಲಿಲ್ಲ. ಆರ್ವಿಡ್‌ನನ್ನು ಹಾಸ್ಯ ಮಾಡಿದ್ದೂ ನಾನೇ ಎಂದು ಹೇಳಿಬಿಟ್ಟೆ.

“ಅದು ಗೊತ್ತು. ಅಪ್ಪ ಮನೇಲಿ ಹೇಳಿ ನಕ್ಕಿದ್ರು. ಆಮೇಲೆ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕ್ಕೊಂಡ್ರು.” ಅವಳ ದನಿ ಏರಲಿಲ್ಲ. “ನಂಗೆ ನೋವಾಗಿದ್ದು ಅದಕ್ಕಲ್ಲ ಲೋವೆಲ್ ಅವ್ರೇ. ಅಮ್ಮ ಎರಡು ತಿಂಗಳು ದಿನಾ ಅಂಚೆ ಡಬ್ಬಿ ತೆಗೆದು ನೋಡೋರು. ಸಂಘದವ್ರು ಎಲ್ಲಾ ಸಹಿ ಹಾಕಿ ಕಳಿಸ್ತಾರೆ, ತಡ ಆಗುತ್ತೆ ಅನ್ನೋರು. ಅಪ್ಪ ಬೇರೆಯವ್ರಿಗೆ ಎಷ್ಟು ಕಾರ್ಡಿಗೆ ಸಹಿ ಹಾಕಿದ್ರೋ, ಲೆಕ್ಕ ಇಲ್ಲ ಅನ್ನೋರು.”

ಈಗಲೇ ಕಾರ್ಡು ತರುತ್ತೇನೆ, ಎಲ್ಲರೂ ಇದ್ದಾರೆ, ನಾನೇ ಅಮ್ಮನ ಕೈಗೆ ಕೊಟ್ಟು ಕ್ಷಮೆ ಕೇಳುತ್ತೇನೆ ಎಂದು ಎದ್ದೆ.

“ಅಮ್ಮ ಸೆಪ್ಟೆಂಬರ್‌ನಲ್ಲಿ ಹೋದ್ರು.”

ನಾನು ಕೂತುಬಿಟ್ಟೆ. ಕಾಫಿ ಪಾತ್ರೆಯ ಹತ್ತಿರ ಯಾರೋ ನಿಂಬೆ ಕೇಕು ಕತ್ತರಿಸುತ್ತ ನಗುತ್ತಿದ್ದರು. ಸಾವರಿಸಿಕೊಂಡು, ಹಾಗಾದರೆ ನಿನಗೆ ಕಳಿಸುತ್ತೇವೆ, ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡವಳು ನೀನಲ್ಲವೇ ಎಂದೆ.

ಡೋರೀನ್ ತಲೆಯೆತ್ತಿ ನನ್ನನ್ನು ನೋಡಿದಳು. ಆ ಕಣ್ಣುಗಳಲ್ಲಿ ಸಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

“ಈಗ ಆ ಕೆಲ್ಸ ನಂದಲ್ವಾ?” ಎಂದಳು. “ನನ್ನ ಕಾರ್ಡಿಗೆ ನಾನೇ ಸ್ಟಾಂಪು ಅಂಟಿಸ್ಲಾ?”