ಕೆಂಪು ಶಾಯಿಯಲ್ಲಿ ಬಂಧದ ಉದ್ದ

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ. ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಪುಸ್ತಕದಲ್ಲಿ ತಪ್ಪು ಹಿಡಿಯುವುದೆಂದರೆ ನನಗೆ ಹಬ್ಬ.

ಆ ದಿನ ಬೋರ್ಡಿನ ಮೇಲೆ ಕಾರ್ಬನ್ ಮಾನಾಕ್ಸೈಡಿನ ಲೆಕ್ಕವಿತ್ತು. ಅದರ ಮೈಕ್ರೋವೇವ್ ರೋಹಿತದಲ್ಲಿ ಗೆರೆಗೂ ಗೆರೆಗೂ ನಡುವಿನ ಅಂತರ 115 ಗಿಗಾಹರ್ಟ್ಜ್. ಅದನ್ನೇ ಅಣುವಿನ ತಿರುಗುವಿಕೆಯ ಸ್ಥಿರಾಂಕ B ಎಂದಿಟ್ಟುಕೊಂಡು, ಎರಡು ಪರಮಾಣುಗಳ ನಡುವಿನ ಬಂಧದ ಉದ್ದ 0.80 ಆಂಗ್‌ಸ್ಟ್ರಾಮ್ ಎಂದು ಗತ್ತಿನಿಂದ ಬರೆದೆ. ಮುಂದಿನ ಬೆಂಚಿನಲ್ಲಿದ್ದ ಲೈಬ್ರರಿ ಪುಸ್ತಕದಲ್ಲಿ 1.13 ಇತ್ತು. “ಅಚ್ಚಿನ ತಪ್ಪು!” ಎಂದು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ನನ್ನ ಉತ್ತರ ಬರೆದು, ಕೆಳಗೆ ಸಹಿಯನ್ನೂ ಜಡಿದೆ.

ಆ ಬೆಂಚಿನಲ್ಲಿದ್ದ ಹಳೇಬೀಡಿನ ಹುಡುಗಿ ಎದ್ದು ನಿಂತಳು. “ಸರ್, ಗೆರೆಗಳ ಅಂತರ ಅಂದ್ರೆ 2B ಅಂತ ಹೋದ ವಾರ ನೀವೇ ಹೇಳಿದ್ರಿ. ಆ 115ನ್ನ ಅರ್ಧ ಮಾಡಿ ಲೆಕ್ಕ ಹಾಕಿದ್ರೆ ಪುಸ್ತಕದ ಉತ್ತರಾನೇ ಬತ್ತದೆ.”

ಅವಳ ಮಾತು ಸರಿಯಾಗಿತ್ತು. ಆದರೂ ಮೇಷ್ಟ್ರ ಬತ್ತಳಿಕೆಯಲ್ಲಿ ಕಡೆಯ ಬಾಣವೊಂದು ಇದ್ದೇ ಇರುತ್ತದೆ.

“ಶಭಾಷ್! ಯಾರು ಹಿಡೀತೀರ ನೋಡೋಣ ಅಂತ ಬೇಕಂತಲೇ ತಪ್ಪು ಮಾಡ್ದೆ ಕಣಮ್ಮ,” ಎಂದೆ.

ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

“ಹಂಗಾದ್ರೆ ಸಹಿ ಯಾಕೆ ಹಾಕಿದ್ರಿ ಸರ್?”